ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೇ ಇದೆ

2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸುದ್ದಿ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಚಿಕ್ಕ ವಯಸ್ಸಿನವರು ಇದ್ದಕ್ಕಿದ್ದಂತೆ ಹೋದರು ಅನ್ನುವ ಸುದ್ದಿ ಒಂದರ ಹಿಂದೆ ಒಂದು ಬಂತು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಎಂದು ಸಮಿತಿ ಹೇಳಿತು. ಸುದ್ದಿ ತಣ್ಣಗಾಯಿತು. ಆದರೆ ಕೆಲವರ ಎದೆನೋವು ಹೋಗಲಿಲ್ಲ. ಎಲ್ಲ ಪರೀಕ್ಷೆಯೂ ನಾರ್ಮಲ್ ಬಂದ ಮೇಲೂ ಹೋಗಲಿಲ್ಲ.

ಇಂಥವರನ್ನು ಜನರಲ್ ಮೆಡಿಸಿನ್ ಓಪಿಡಿಯಲ್ಲಿ ಹೇಗೆ ನೋಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ವೈದ್ಯರಿಗೆ ಎಷ್ಟು ಬೇಕೋ, ಮನೆಯಲ್ಲಿ ಇಂಥವರಿರುವ ಎಲ್ಲರಿಗೂ ಅಷ್ಟೇ ಬೇಕು. ಹಲವು ರೋಗಿಗಳನ್ನು ಸೇರಿಸಿ ಒಬ್ಬರನ್ನು ಮಾಡಿಕೊಂಡಿದ್ದೇನೆ. ಗೌಡ್ರು ಅಂತ ಕರೆಯೋಣ. ವಯಸ್ಸು 39, ಆಲೂರು ಕಡೆ ಶುಂಠಿ ಬೆಳೆಯುವವರು. ಬೀಡಿ-ಸಿಗರೇಟು ಇಲ್ಲ, ಶುಗರ್ ಇಲ್ಲ, ಬಿಪಿ ಇಲ್ಲ. ಚಿಕ್ಕಪ್ಪನ ಮಗ ಹೃದಯಾಘಾತದಲ್ಲಿ ತೀರಿಕೊಂಡ ಮೇಲೆ ಇವರಿಗೆ ಎಡ ಎದೆಯಲ್ಲಿ ಚುಚ್ಚುವ ನೋವು, ಕೈ ಜುಮ್ಮೆನ್ನುವುದು ಶುರುವಾಗಿದೆ. ಒಂಬತ್ತು ತಿಂಗಳಾಗಿದೆ. ಫೈಲ್‌ನಲ್ಲಿ ಆರು ಇಸಿಜಿ, ಹೃದಯದ ಸ್ಕ್ಯಾನ್ ಆದ ಎಕೋ ಎರಡು, ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಟಿಎಂಟಿ ಒಂದು, ಎಂಡೋಸ್ಕೋಪಿ, ಥೈರಾಯ್ಡ್ ಎಲ್ಲ ಇವೆ. ಈಗ ಅವರು ಕೇಳುತ್ತಿರುವುದು ಆಂಜಿಯೋಗ್ರಾಮ್.

"ಎಲ್ಲಾರೂ ಏನೂ ಇಲ್ಲ ಅಂತಾರೆ ಸಾರ್. ನೋವು ಐತಲ್ಲ, ಅದು ಎಲ್ಲಿಂದ ಬಂತು?" ಅನ್ನುತ್ತಾರೆ.

ಇದು ನ್ಯಾಯವಾದ ಪ್ರಶ್ನೆ. ಅಷ್ಟೂ ಪರೀಕ್ಷೆಯಲ್ಲಿ ಒಂದಾದರೂ ಈ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿದೆಯಾ ಅಂತ ಕೇಳಿದ್ದಕ್ಕೆ ಇಲ್ಲ ಅಂದಿವೆ, ಅಷ್ಟೇ.

ಮೊದಲು ಕಾಯಿಲೆಯ ಹೆಸರು ನೋಡೋಣ. 2013ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5 ಇದನ್ನು ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್ ಅನ್ನುತ್ತದೆ. ನೋವಿಗೆ ಕಾರಣ ಸಿಗದಿರುವುದು ಇದರ ಲಕ್ಷಣ ಅಲ್ಲ. ಇದನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ. ಬದುಕಿಗೆ ತೊಂದರೆ ಕೊಡುವ ಒಂದಾದರೂ ದೈಹಿಕ ತೊಂದರೆ ಇರಬೇಕು, ಅದರ ಬಗ್ಗೆ ಯೋಚನೆ, ಭಯ ಅಥವಾ ಓಡಾಟ ಅತಿಯಾಗಿರಬೇಕು, ಮತ್ತು ಇದು ಸಾಮಾನ್ಯವಾಗಿ ಆರು ತಿಂಗಳಿಗಿಂತ ಜಾಸ್ತಿ ನಡೆದಿರಬೇಕು. ಸ್ಟೆಂಟ್ ಹಾಕಿಸಿಕೊಂಡ ನಿಜವಾದ ಹೃದ್ರೋಗಿಗೂ ಇದು ಬರಬಹುದು. ಹಾಗಾಗಿ ಎಲ್ಲ ಪರೀಕ್ಷೆ ಮುಗಿಸಿ, ಏನೂ ಸಿಗಲಿಲ್ಲ ಅಂತ ಕೊನೆಗೆ ಹಚ್ಚುವ ಹೆಸರಲ್ಲ ಇದು. ಗೌಡ್ರು ರಾತ್ರಿ ನಾಲ್ಕೈದು ಸಲ ಎದ್ದು ನಾಡಿ ಹಿಡಿದು ನೋಡುತ್ತಾರೆ, ಬೆರಳಿಗೆ ಆಕ್ಸಿಮೀಟರ್ ಹಾಕಿಕೊಂಡೇ ಮಲಗುತ್ತಾರೆ, ತೋಟಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ. ಇದನ್ನೆಲ್ಲ ಕೇಳಿದರೆ ಮಾತ್ರ ತಿಳಿಯುತ್ತದೆ. ಎಕೋದಲ್ಲಿ ಕಾಣುವುದಿಲ್ಲ.

"ಇನ್ನೊಂದು ಟೆಸ್ಟ್ ಮಾಡಿಸಿದರೆ ಸಮಾಧಾನ ಆಗುತ್ತೆ, ಮಾಡಿಸಿಬಿಡೋಣ" ಅನ್ನುವುದು ವೈದ್ಯರಿಗೂ ಸುಲಭ, ರೋಗಿಗೂ ಇಷ್ಟ. ಆದರೆ ಸಮಾಧಾನ ಆಗುವುದಿಲ್ಲ. ಗಂಭೀರ ಕಾಯಿಲೆಯ ಸಾಧ್ಯತೆ ಕಡಿಮೆ ಇರುವವರಿಗೆ ಪರೀಕ್ಷೆ ಮಾಡಿ ನೋಡಿದ 14 ಅಧ್ಯಯನಗಳನ್ನು 2013ರಲ್ಲಿ ರೋಲ್ಫ್ ಮತ್ತು ಬರ್ಟನ್ ಒಟ್ಟಿಗೆ ಇಟ್ಟು ನೋಡಿದರು. ನಾರ್ಮಲ್ ರಿಪೋರ್ಟ್‌ನಿಂದ ಆತಂಕವೂ ಇಳಿದಿರಲಿಲ್ಲ, ನೋವೂ ಇಳಿದಿರಲಿಲ್ಲ. ಮತ್ತೆ ವೈದ್ಯರ ಹತ್ತಿರ ಬರುವುದು ಸ್ವಲ್ಪ ಕಡಿಮೆಯಾಗಿತ್ತು, ಅಷ್ಟೇ.

ಸಮಾಧಾನ ಆಗದಿದ್ದರೂ ನಷ್ಟವೇನಿಲ್ಲವಲ್ಲ ಅನ್ನಬಹುದು. ನಷ್ಟ ಇದೆ. ಗೌಡ್ರಂಥ 1000 ಜನಕ್ಕೆ ಟಿಎಂಟಿ ಮಾಡಿದೆವು ಅಂದುಕೊಳ್ಳಿ. ಅವರಲ್ಲಿ 2 ಶೇಕಡಾ, ಅಂದರೆ 20 ಜನಕ್ಕೆ ಮಾತ್ರ ನಿಜವಾದ ಬ್ಲಾಕ್ ಇದೆ ಅಂತ ಇಟ್ಟುಕೊಳ್ಳೋಣ. ಟಿಎಂಟಿ ಕಾಯಿಲೆ ಇರುವವರಲ್ಲಿ ನೂರಕ್ಕೆ ಸುಮಾರು 68 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ ಸುಮಾರು 77 ಜನರಿಗೆ ಸರಿಯಾಗಿ ಇಲ್ಲ ಅನ್ನುತ್ತದೆ. ಲೆಕ್ಕ ಹಾಕಿದರೆ 20ರಲ್ಲಿ 14 ಜನ ಸಿಗುತ್ತಾರೆ. ಕಾಯಿಲೆಯೇ ಇಲ್ಲದ 980ರಲ್ಲಿ ಸುಮಾರು 225 ಜನಕ್ಕೂ ಪಾಸಿಟಿವ್ ಅಂತ ಬರುತ್ತದೆ. ಅಂದರೆ ಪಾಸಿಟಿವ್ ಚೀಟಿ ಹಿಡಿದು ಹೊರಗೆ ಬಂದ ಸುಮಾರು ಹದಿನೇಳು ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ. ಉಳಿದವರೆಲ್ಲ ಸುಮ್ನೆ ಮುಂದಿನ ಪರೀಕ್ಷೆಗೆ, ಅದರ ಖರ್ಚಿಗೆ, ಅದರ ಭಯಕ್ಕೆ ಹೋಗುತ್ತಾರೆ.

ಗೌಡ್ರ ಟಿಎಂಟಿ ನೆಗೆಟಿವ್ ಬಂದಿತ್ತು. ಆದರೆ ಎರಡನೇ ಎಕೋದಲ್ಲಿ "ಟ್ರಿವಿಯಲ್ ಟಿಆರ್" ಅಂತ ಒಂದು ಸಾಲು ಇತ್ತು. ಬಲಗಡೆಯ ಕವಾಟದಿಂದ ತೀರಾ ಸ್ವಲ್ಪ ರಕ್ತ ಹಿಂದಕ್ಕೆ ಬರುವುದು ಅಂತ ಅದರ ಅರ್ಥ. ಆರೋಗ್ಯವಂತರಲ್ಲಿ ಬಹಳಷ್ಟು ಜನಕ್ಕೆ ಇದು ಇರುತ್ತದೆ, ಕಾಯಿಲೆ ಅಲ್ಲ. ಅದನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. "ವಾಲ್ವ್ ಲೀಕ್ ಐತೆ" ಅಂತ ಊರಲ್ಲಿ ಯಾರೋ ಓದಿ ಹೇಳಿದ್ದಾರೆ. ಆಕ್ಸಿಮೀಟರ್ ಕೊಂಡಿದ್ದು ಆ ವಾರವೇ.

ಹಾಗಾದರೆ ಏನು ಮಾಡಬೇಕು? 1989ರಲ್ಲಿ ಇಂಗ್ಲೆಂಡಿನ ಗೋಲ್ಡ್‌ಬರ್ಗ್, ಗ್ಯಾಸ್ಕ್ ಮತ್ತು ಓ'ಡೌಡ್ ಒಂದು ವಿಧಾನ ಬರೆದರು. ಅದನ್ನು ರೀಆಟ್ರಿಬ್ಯೂಷನ್ ಅನ್ನುತ್ತಾರೆ. ನೋವಿಗೆ ರೋಗಿ ಕೊಟ್ಟುಕೊಂಡ ಕಾರಣದ ಜಾಗದಲ್ಲಿ ಇನ್ನೊಂದು ಕಾರಣವನ್ನು ರೋಗಿಯ ಜೊತೆಯಲ್ಲೇ ಕೂತು ಹುಡುಕುವುದು.

ಮೊದಲ ಕೆಲಸ ಕೇಳಿಸಿಕೊಳ್ಳುವುದು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ನಿನ್ನೆ ಏನಾಯಿತು, ನೋವು ಯಾವಾಗ ಬಂತು, ಏನು ಮಾಡ್ತಾ ಇದ್ದಿರಿ, ಏನಾಗಿಬಿಡುತ್ತೆ ಅನ್ನಿಸಿತು ಅಂತ ಕೇಳಬೇಕು. ಗೌಡ್ರ ನೋವು ಶುಂಠಿ ಮೂಟೆ ಎತ್ತಿದ ದಿನಗಳಲ್ಲೂ ಕೆಲಸದ ಹೊತ್ತಿಗೆ ಬಂದಿರಲಿಲ್ಲ, ರಾತ್ರಿ ಮಲಗಿದ ಮೇಲೆ ಬರುತ್ತಿತ್ತು. ಇದೇ ಒಂದು ದೊಡ್ಡ ಸುಳಿವು. ಆ ವರ್ಷ ಶುಂಠಿಗೆ ಕೊಳೆ ರೋಗ ಬಿದ್ದಿತ್ತು, ಸಾಲ ಇತ್ತು, ತೀರಿಕೊಂಡವರು ಜೊತೆಯಲ್ಲೇ ಬೆಳೆದವರು. ಇದನ್ನೆಲ್ಲ ಹತ್ತು ನಿಮಿಷದಲ್ಲಿ ಅವರೇ ಹೇಳಿದರು. ಆಮೇಲೆ ಮುಟ್ಟಿ ಪರೀಕ್ಷೆ ಮಾಡಬೇಕು, ಇದನ್ನು ಬಿಡಲೇಬಾರದು. ಎದೆಮೂಳೆಯ ಎಡಕ್ಕೆ, ಪಕ್ಕೆಲುಬು ಸೇರುವ ಜಾಗದಲ್ಲಿ ಒತ್ತಿದಾಗ ಅವರು "ಇದೇ ಸಾರ್, ಇದೇ ನೋವು" ಅಂದರು. ಆ ಜಾಗವನ್ನು ಅವರೇ ದಿನಕ್ಕೆ ಎಷ್ಟೋ ಸಲ ಬೆರಳಲ್ಲಿ ಒತ್ತಿ ನೋಡಿಕೊಳ್ಳುತ್ತಿದ್ದರು.

ಎರಡನೆಯದು, ಮಾತಿನ ವ್ಯಾಪ್ತಿ ಹಿಗ್ಗಿಸುವುದು. ಇಲ್ಲೇ ಹೆಚ್ಚಿನ ಮಾತುಕತೆ ಮುರಿದು ಬೀಳುವುದು. "ಹಾರ್ಟ್ ನಾರ್ಮಲ್ ಇದೆ, ಇದು ಟೆನ್ಷನ್" ಅಂದರೆ ರೋಗಿಗೆ ಕೇಳುವುದು "ನೀನು ಸುಳ್ಳು ಹೇಳ್ತಿದ್ದೀಯ" ಅಂತ. ಅದರ ಬದಲು ಹೀಗೆ ಹೇಳಬಹುದು: "ಗೌಡ್ರೇ, ನೋವು ನಿಜ, ನನ್ನ ಕೈಗೇ ಸಿಕ್ತು. ಅದು ಎದೆಗೂಡಿನ ಕೀಲಿನಲ್ಲಿದೆ, ಹೃದಯದಲ್ಲಿಲ್ಲ. ಅಣ್ಣ ಹೋದ ಮೇಲೆ ನಿದ್ದೆ ಇಲ್ಲ, ಸಾಲದ ಚಿಂತೆ ಇದೆ, ದಿನಾ ಇದೇ ಯೋಚನೆ ಅಂದಿರಿ. ಇವಕ್ಕೂ ನೋವಿಗೂ ಸಂಬಂಧ ಇರಬಹುದಾ ಅಂತ ಇಬ್ಬರೂ ಯೋಚನೆ ಮಾಡೋಣ." ಕೇಳಬೇಕು, ತೀರ್ಪು ಕೊಡಬಾರದು.

ಮೂರನೆಯದು ಕೊಂಡಿ ಹಾಕುವುದು. ಕೊಂಡಿ ದೇಹದ ಮೂಲಕವೇ ಹೋಗಬೇಕು. ಭಯವಾದಾಗ ಉಸಿರು ಜೋರಾಗುತ್ತದೆ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ. ರಕ್ತದ ಆಮ್ಲತೆ ತಗ್ಗುತ್ತದೆ, ಕ್ಯಾಲ್ಸಿಯಂ ಪ್ರೋಟೀನಿಗೆ ಜಾಸ್ತಿ ಅಂಟಿಕೊಳ್ಳುತ್ತದೆ, ನರಗಳು ಸುಲಭವಾಗಿ ಕೆರಳುತ್ತವೆ. ಬೆರಳು, ತುಟಿ ಜುಮ್ಮೆನ್ನುವುದು ಇದರಿಂದ. ಅದೇ ಹೊತ್ತಿಗೆ ಪಕ್ಕೆಲುಬಿನ ನಡುವಿನ ಸ್ನಾಯುಗಳು ಬಿಗಿದುಕೊಂಡು ದಣಿದು ನೋಯುತ್ತವೆ. ನೋವು ಕಂಡ ಕೂಡಲೇ ಭಯ ಹೆಚ್ಚುತ್ತದೆ, ಉಸಿರು ಇನ್ನೂ ಜೋರಾಗುತ್ತದೆ. ರಾತ್ರಿ ಬೇರೆ ಗಮನ ಇರುವುದಿಲ್ಲವಾದ್ದರಿಂದ ಎಲ್ಲವೂ ದೊಡ್ಡದಾಗಿ ಕೇಳುತ್ತದೆ.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಒಳ್ಳೆಯದು. ಓಪಿಡಿಯಲ್ಲೇ ಒಂದು-ಒಂದೂವರೆ ನಿಮಿಷ ಜೋರಾಗಿ ಉಸಿರಾಡಲು ಹೇಳಿದರೆ ಕೈ ಜುಮ್ಮೆನ್ನಲು ಶುರುವಾಗುತ್ತದೆ. ನಿಧಾನಕ್ಕೆ ಉಸಿರಾಡಿದರೆ ಇಳಿಯುತ್ತದೆ. ಗೌಡ್ರು ತಮ್ಮ ಕೈಯನ್ನೇ ನೋಡುತ್ತಾ ಕೂತರು. ಹೃದ್ರೋಗ, ಮೂರ್ಛೆರೋಗ, ಆಸ್ತಮಾ ಇರುವವರಿಗೆ ಮತ್ತು ಗರ್ಭಿಣಿಯರಿಗೆ ಇದನ್ನು ಮಾಡಿಸಬಾರದು. ಅಂಥವರಿಗೆ ಭಾರವಾದ ಪುಸ್ತಕವನ್ನು ಕೈ ಚಾಚಿ ಹಿಡಿಯಲು ಹೇಳಿ. ಸ್ವಲ್ಪ ಹೊತ್ತಿಗೇ ತೋಳು ನೋಯುತ್ತದೆ. ಬಿಗಿದ ಸ್ನಾಯು ಕಾಯಿಲೆ ಇಲ್ಲದೆಯೂ ನೋಯುತ್ತದೆ ಅಂತ ತೋರಿಸಲು ಅಷ್ಟು ಸಾಕು.

ಆಮೇಲೆ ಒಪ್ಪಂದ. ಒಬ್ಬರೇ ವೈದ್ಯರು, ಎರಡು-ಮೂರು ವಾರಕ್ಕೊಮ್ಮೆ ನಿಗದಿಯಾದ ದಿನ, ನೋವಿರಲಿ ಬಿಡಲಿ ಬರುವುದು. ನೋವು ಬಂದರೆ ಮಾತ್ರ ಬನ್ನಿ ಅಂದರೆ, ವೈದ್ಯರನ್ನು ನೋಡಬೇಕಾದರೆ ನೋವು ಬೇಕು ಅಂತ ದೇಹಕ್ಕೆ ನಾವೇ ಕಲಿಸಿದಂತೆ. ಗೌಡ್ರ ಜೊತೆ ಆಕ್ಸಿಮೀಟರ್ ಅನ್ನು ಹೆಂಡತಿ ಕೈಗೆ ಕೊಡುವುದು, ಎದೆ ಒತ್ತಿ ನೋಡುವುದನ್ನು ನಿಲ್ಲಿಸುವುದು, ದಿನಾ ತೋಟಕ್ಕೆ ಅರ್ಧ ಗಂಟೆಯಿಂದ ಶುರುಮಾಡುವುದು ಅಂತ ಮಾತಾಯಿತು. ಖಿನ್ನತೆ ಅಥವಾ ಪ್ಯಾನಿಕ್ ಜೊತೆಗಿದ್ದರೆ ಅದಕ್ಕೆ ಔಷಧಿ ಬೇಕು, ಮನೋವೈದ್ಯರ ಸಲಹೆಯೂ ಬೇಕು. ಕಳಿಸುವಾಗ "ನನ್ನ ಹತ್ತಿರ ಬರೋದು ಬಿಡಬೇಡಿ" ಅಂತ ಹೇಳಿ ಕಳಿಸಬೇಕು.

ಈ ವಿಧಾನದ ಮಿತಿಯನ್ನೂ ಹೇಳಬೇಕು. 2007ರಲ್ಲಿ ಮೋರಿಸ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗದಲ್ಲಿ ತರಬೇತಿ ಪಡೆದ ವೈದ್ಯರ ಮಾತುಕತೆ ಚೆನ್ನಾಗಿ ಸುಧಾರಿಸಿತು, ಆದರೆ ರೋಗಿಗಳ ಆರೋಗ್ಯ ಅದರಿಂದ ಸುಧಾರಿಸಲಿಲ್ಲ. ಒಂದು ಸಲದ ಒಳ್ಳೆಯ ಮಾತಿನಿಂದ ವರ್ಷಗಳ ನೋವು ಹೋಗುವುದಿಲ್ಲ. ಕೊಂಡಿಯನ್ನು ವೈದ್ಯರೇ ಹಾಕಿ ಒಪ್ಪಿಕೋ ಅಂದರಂತೂ ರೋಗಿ ಬೇರೆ ಕಡೆ ಹೋಗುತ್ತಾರೆ. ನನ್ನ ಪ್ರಕಾರ ಈ ಮಾತುಕತೆ ಚಿಕಿತ್ಸೆಯ ಬಾಗಿಲು ತೆಗೆಯುತ್ತದೆ, ಕೆಲಸ ನಡೆಯುವುದು ಆಮೇಲಿನ ತಿಂಗಳುಗಳಲ್ಲಿ.

ಪರೀಕ್ಷೆ ಬೇಕೇ ಬೇಕಾದಾಗಲೂ ಮಾತು ಮೊದಲು ಬರಲಿ. ಪೆಟ್ರಿ ಮತ್ತು ಜೊತೆಗಾರರು 2007ರಲ್ಲಿ ಎದೆನೋವಿನ 92 ರೋಗಿಗಳಲ್ಲಿ ಇದನ್ನೇ ನೋಡಿದರು. ಟಿಎಂಟಿಗೆ ಮೊದಲೇ ನಾರ್ಮಲ್ ಬಂದರೆ ಏನರ್ಥ ಅಂತ ಕೂತು ವಿವರಿಸಿದಾಗ ರೋಗಿಗಳಲ್ಲಿ ಸಮಾಧಾನ ಹೆಚ್ಚಿತ್ತು, ತಿಂಗಳ ನಂತರ ಎದೆನೋವು ಉಳಿದವರೂ ಕಡಿಮೆ. ರಿಪೋರ್ಟ್ ಬಂದ ಮೇಲೆ ಹೇಳಿದರೆ ಅದು ಸಮಜಾಯಿಷಿಯಂತೆ ಕೇಳುತ್ತದೆ.

ಇನ್ನು ಪರೀಕ್ಷೆ ಯಾವಾಗ ಮಾಡಲೇಬೇಕು? ನೋವಿನ ಸ್ವರೂಪ ಬದಲಾದಾಗ. ನಡೆದರೆ, ಹತ್ತಿದರೆ ಎದೆ ಹಿಂಡಿದಂತಾಗಿ ನಿಂತರೆ ಇಳಿದಾಗ, ಬೆವರಿ ಕೈಗೋ ದವಡೆಗೋ ಹರಡಿದಾಗ, ತಲೆ ತಿರುಗಿ ಬಿದ್ದಾಗ, ತೂಕ ಇಳಿದಾಗ, ಮುಟ್ಟಿ ನೋಡಿದಾಗ ಹೊಸದೇನೋ ಸಿಕ್ಕಾಗ. ಈ ರೋಗಿಗೂ ನಾಳೆ ಹೃದಯಾಘಾತ ಆಗಬಹುದು. ಹಳೇ ಫೈಲ್ ನೋಡಿ ಹೊಸ ನೋವನ್ನು ತಳ್ಳಿಹಾಕಬಾರದು.

ಗೌಡ್ರು ರಾತ್ರಿ ಎರಡಕ್ಕೆ ಎಮರ್ಜೆನ್ಸಿಗೆ ಬಂದರೆ ಡ್ಯೂಟಿ ಡಾಕ್ಟರ್ ಏನು ಮಾಡಬೇಕು? ಅವರಿಗಾಗಿ ಫೈಲ್‌ನ ಮೊದಲ ಪುಟದಲ್ಲೇ ಒಂದು ಪತ್ರ ಇರಬೇಕು. ಅಮೆರಿಕದ ಸ್ಮಿತ್ 1986ರಲ್ಲಿ ಇಂಥ ಪತ್ರದಿಂದಲೇ ಒಂದು ಪ್ರಯೋಗ ಮಾಡಿದ್ದರು. ತೀವ್ರ ಸ್ವರೂಪದ ಇಂಥ ರೋಗಿಗಳ ವೈದ್ಯರಿಗೆ ಸಲಹೆ ಬರೆದು ಕಳಿಸಿದಾಗ ಚಿಕಿತ್ಸೆಯ ಖರ್ಚು 53 ಶೇಕಡಾ ಇಳಿಯಿತು, ರೋಗಿಗಳ ಆರೋಗ್ಯ ಕೆಡಲಿಲ್ಲ. ಗೌಡ್ರ ಪತ್ರದಲ್ಲಿ ಇರುವುದಿಷ್ಟು. ಎದೆಗೂಡಿನ ನೋವು ಮತ್ತು ಜೋರು ಉಸಿರಾಟ ಅಂತ ಗುರುತಿಸಲಾಗಿದೆ. ಮಾಡಿದ ಪರೀಕ್ಷೆ ಇವು, ತಾರೀಕು ಇವು, ಟ್ರಿವಿಯಲ್ ಟಿಆರ್ ಕಾಯಿಲೆ ಅಲ್ಲ. ಬಂದರೆ ಮುಟ್ಟಿ ನೋಡಿ, ಒಂದು ಇಸಿಜಿ ತೆಗೆದು ಹಳೆಯದರ ಜೊತೆ ಹೋಲಿಸಿ. ನೋವು ಹೊಸ ಬಗೆಯದಾದರೆ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಗೆ ಕಳಿಸಿ, ಇಟ್ಟುಕೊಂಡು ನೋಡಿ. ಹಳೆಯ ನೋವೇ ಆದರೆ "ಏನೂ ಇಲ್ಲ" ಅನ್ನಬೇಡಿ, ಕೂರಿಸಿ ನಿಧಾನವಾಗಿ ಉಸಿರಾಡಿಸಿ, ಮುಂದಿನ ಭೇಟಿಯ ದಿನ ನೆನಪಿಸಿ ಕಳಿಸಿ. ಕೆಳಗೆ ನೋಡಿಕೊಳ್ಳುವ ವೈದ್ಯರ ಸಹಿ, ಫೋನ್ ನಂಬರ್.