ಫೇಸ್ ತಣ್ಣಗಿದ್ದು ನ್ಯೂಟ್ರಲ್ ಮಾತ್ರ ಬಿಸಿಯಾದರೆ

ಡಿಬಿಯ ಮುಚ್ಚಳ ತೆಗೆದಾಗ ಮೂರೂ ಫೇಸ್ ವೈರುಗಳು ಸರಿಯಾಗಿದ್ದು, ನ್ಯೂಟ್ರಲ್ ಲಿಂಕಿಗೆ ಬರುವ ಕಪ್ಪು ವೈರಿನ ಹೊದಿಕೆ ಮಾತ್ರ ಗಟ್ಟಿಯಾಗಿ, ಕಂದಿ ಬಿರುಕುಬಿಟ್ಟಿದ್ದರೆ ‘ಲೂಸ್ ಕನೆಕ್ಷನ್’ ಎಂದು ಸ್ಕ್ರೂ ಬಿಗಿ ಮಾಡಿ ಮುಚ್ಚುವುದು ವಾಡಿಕೆ. ಕೊಡಗಿನಲ್ಲಿ ಈ ಮಾತಿಗೆ ಆಧಾರವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದೇ ಇಲ್ಲ. ತಾಮ್ರದ ತುದಿಗೆ ಹಸಿರು ಕಿಲುಬು ಹಿಡಿದು ಜೋಡಣೆ ಕೆಡುತ್ತದೆ. ಆದರೆ ಬಿಗಿ ಮಾಡಿದ ಮೇಲೂ ನ್ಯೂಟ್ರಲ್ ಬಿಸಿಯಾಗುತ್ತಿದ್ದರೆ, ಅಥವಾ ಕಪ್ಪಾಗಿರುವುದು ತುದಿಯಷ್ಟೇ ಅಲ್ಲದೆ ವೈರಿನ ಉದ್ದಕ್ಕೂ ಆಗಿದ್ದರೆ, ದೋಷ ಸ್ಕ್ರೂನದ್ದಲ್ಲ. ಆ ವೈರು ತನ್ನ ಶಕ್ತಿ ಮೀರಿ ಕರೆಂಟ್ ಹೊರುತ್ತಿದೆ.

ಮೂರು ಫೇಸಿನಲ್ಲೂ ಲೋಡ್ ಸಮವಾಗಿದ್ದರೆ ನ್ಯೂಟ್ರಲ್‌ನಲ್ಲಿ ಕರೆಂಟ್ ಸೊನ್ನೆ ಎಂದು ನಾವೆಲ್ಲ ಓದಿದ್ದೇವೆ. ಹೀಟರು, ಹಳೆಯ ಬಲ್ಬುಗಳ ಕಾಲಕ್ಕೆ ಅದು ನಿಜ. ಕಂಪ್ಯೂಟರಿನ ಎಸ್‌ಎಂಪಿಎಸ್ ಮತ್ತು ಅಗ್ಗದ ಎಲ್‌ಇಡಿ ಡ್ರೈವರ್ ಕರೆಂಟ್ ಎಳೆಯುವ ರೀತಿ ಬೇರೆ. ಒಳಗಿನ ಕೆಪಾಸಿಟರ್ ತುಂಬಿಯೇ ಇರುವುದರಿಂದ, ವೋಲ್ಟೇಜ್ ತನ್ನ ತುದಿ ಮುಟ್ಟುವ ಹೊತ್ತಿಗೆ, ಅಂದರೆ 325 ವೋಲ್ಟಿನ ಆಸುಪಾಸಿನಲ್ಲಿ ಮಾತ್ರ, ಒಂದು ಕಿರಿದಾದ ಹೊಡೆತದಲ್ಲಿ ಕರೆಂಟ್ ಒಳಗೆ ಹೋಗುತ್ತದೆ. ಉಳಿದ ಹೊತ್ತು ಏನೂ ಇಲ್ಲ. ಒಂದು ಸೈಕಲ್ಲಿಗೆ ಪ್ರತಿ ಫೇಸಿನಲ್ಲಿ ಇಂಥ ಎರಡು ಹೊಡೆತ. ಮೂರು ಫೇಸುಗಳ ತುದಿ ಬೇರೆ ಬೇರೆ ಹೊತ್ತಿಗೆ ಬರುವುದರಿಂದ ಒಂದರ ಹೊಡೆತವನ್ನು ಇನ್ನೊಂದು ಕಳೆಯಲಾರದು. ಆರು ಹೊಡೆತಗಳೂ ಒಂದಾದ ಮೇಲೊಂದರಂತೆ ನ್ಯೂಟ್ರಲ್ ಮೂಲಕವೇ ವಾಪಸಾಗಬೇಕು. ಹಾಗಾಗಿ ಅಲ್ಲಿ ಹುಟ್ಟುವ ಶಾಖ ಒಂದು ಫೇಸಿನ ಮೂರರಷ್ಟು, ಕರೆಂಟು √3 ಪಟ್ಟು, ಅಂದರೆ 1.73. ಸಮ ಲೋಡಿನಲ್ಲಿ ಇದೇ ಮೇಲಿನ ಮಿತಿ. ನ್ಯೂಟ್ರಲ್‌ಗೆ ಎಲ್ಲೆಡೆ ‘ಡಬಲ್ ಸೈಜ್’ ಬೇಕೆಂಬ ಮಾತು ಸ್ವಲ್ಪ ಹೆಚ್ಚಾಯಿತು. ‘ಫೇಸಿನಷ್ಟೇ ಸಾಕು’ ಎಂಬುದು ಕಡಿಮೆಯಾಯಿತು.

ಇದನ್ನೇ ಹಾರ್ಮೋನಿಕ್ ಲೆಕ್ಕದಲ್ಲಿ ಹೇಳುವುದಾದರೆ, ಆ ಹೊಡೆತದಲ್ಲಿ 50 ಹರ್ಟ್ಸ್ ಜೊತೆಗೆ 150 ಹರ್ಟ್ಸ್‌ನ ಮೂರನೆಯ ಹಾರ್ಮೋನಿಕ್ ದೊಡ್ಡದಾಗಿರುತ್ತದೆ. ಫೇಸುಗಳ ನಡುವಿನ 120 ಡಿಗ್ರಿ ಅಂತರ ಮೂರನೆಯ ಹಾರ್ಮೋನಿಕ್‌ಗೆ 360 ಡಿಗ್ರಿಯಾಗುತ್ತದೆ. ಅಂದರೆ ಅಂತರವೇ ಇಲ್ಲ. ಮೂರೂ ಫೇಸಿನ ಮೂರನೆಯ ಹಾರ್ಮೋನಿಕ್ ನ್ಯೂಟ್ರಲ್‌ನಲ್ಲಿ ನೇರವಾಗಿ ಕೂಡಿಕೊಳ್ಳುತ್ತದೆ.

ಐಎಸ್‌ಐ ಗುರುತಿನ ಸಾಮಾನು ತಂದರೆ ಈ ತಾಪತ್ರಯವಿಲ್ಲ ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಐಇಸಿ 61000-3-2 ನಿಯಮ 25 ವ್ಯಾಟ್‌ವರೆಗಿನ ದೀಪಗಳಿಗೆ ಮೂರನೆಯ ಹಾರ್ಮೋನಿಕ್ ಶೇ 86ರವರೆಗೂ ಇರಲು ಬಿಡುತ್ತದೆ. ಫಾಲ್ಸ್ ಸೀಲಿಂಗಿಗೆ ಕೂರಿಸುವ 18 ವ್ಯಾಟಿನ ಪ್ಯಾನೆಲ್, 20 ವ್ಯಾಟಿನ ಬ್ಯಾಟನ್ ಎಲ್ಲವೂ ಆ ಮಿತಿಯೊಳಗೇ ಬರುತ್ತವೆ. ಕಂಪ್ಯೂಟರುಗಳಿಗೆ ಮಿತಿ ಶುರುವಾಗುವುದೇ 75 ವ್ಯಾಟಿನ ಮೇಲೆ. ಲ್ಯಾಪ್‌ಟಾಪಿನ 65 ವ್ಯಾಟ್ ಅಡಾಪ್ಟರ್ ಅದರಿಂದ ಹೊರಗೆ. ಒಂದೊಂದಾಗಿ ನೋಡಿದರೆ ಎಲ್ಲವೂ ನಿಯಮಬದ್ಧ. ನೂರು ಸೇರಿದಾಗ ನ್ಯೂಟ್ರಲ್ ಸುಡುತ್ತದೆ.

ಒಂದು ಲೆಕ್ಕ ಮಾಡೋಣ. ಮಡಿಕೇರಿಯಲ್ಲೊಂದು ಕಚೇರಿ: 60 ಹಳೆಯ ಡೆಸ್ಕ್‌ಟಾಪ್, ತಲಾ 120 ವ್ಯಾಟ್, 100 ಎಲ್‌ಇಡಿ ಪ್ಯಾನೆಲ್, ತಲಾ 18 ವ್ಯಾಟ್. ಒಟ್ಟು 9 ಕಿಲೋವ್ಯಾಟ್, ಫೇಸಿಗೆ 3. ಬರಿಯ ವ್ಯಾಟ್ ಲೆಕ್ಕದಲ್ಲಿ ಫೇಸಿಗೆ 13 ಆಂಪಿಯರ್. ಇದರ ಮೇಲೆ ಮೂರನೆಯ ಹಾರ್ಮೋನಿಕ್ 9, ಐದನೆಯದು 5 ಆಂಪಿಯರ್ ಇದೆ ಎಂದಿಟ್ಟುಕೊಳ್ಳಿ. ಫೇಸಿನ ನಿಜವಾದ ಕರೆಂಟ್:

```
I_phase   = √(13² + 9² + 5²) = 16.6 A
I_neutral = 3 × 9            = 27 A
```

ಫೇಸಿಗೆ 20 ಆಂಪಿಯರ್ ಎಂಸಿಬಿ, ಮೇನ್ ಪ್ಯಾನೆಲ್‌ನಿಂದ ಡಿಬಿಗೆ 2.5 ಸ್ಕ್ವೇರ್ ಎಂಎಂ ನಾಲ್ಕು ಕೋರಿನ ತಾಮ್ರದ ಪಿವಿಸಿ ಕೇಬಲ್, ಗೋಡೆಗೆ ಕ್ಲಿಪ್ ಮಾಡಿದ್ದು. ಪಟ್ಟಿಯಲ್ಲಿ ಇದರ ಸಾಮರ್ಥ್ಯ 24 ಆಂಪಿಯರ್. ಫೇಸ್ ಮಾತ್ರ ನೋಡುವವರಿಗೆ ಎಲ್ಲ ಸರಿ. ನ್ಯೂಟ್ರಲ್‌ನಲ್ಲಿ 27 ಹರಿಯುತ್ತಿದೆ, ಎಂಸಿಬಿ ಅಲುಗಾಡುವುದಿಲ್ಲ. ಅದು ಕಾಯುವುದು ಫೇಸನ್ನು, ನ್ಯೂಟ್ರಲ್ಲನ್ನಲ್ಲ.

ಐಇಸಿ 60364-5-52ರ ಪಟ್ಟಿ ಇದಕ್ಕೆ ನೇರ ದಾರಿ ತೋರಿಸುತ್ತದೆ. ಫೇಸ್ ಕರೆಂಟಿನಲ್ಲಿ ಮೂರನೆಯ ಹಾರ್ಮೋನಿಕ್ ಶೇ 15ರವರೆಗಿದ್ದರೆ ಎಂದಿನಂತೆ ಫೇಸ್ ನೋಡಿ ಸೈಜ್ ಮಾಡಿ. 15ರಿಂದ 33ರವರೆಗೆ ಫೇಸ್ ಕರೆಂಟನ್ನು 0.86ರಿಂದ ಭಾಗಿಸಿ. 33ರಿಂದ 45ರವರೆಗೆ ನ್ಯೂಟ್ರಲ್ ಕರೆಂಟನ್ನು 0.86ರಿಂದ ಭಾಗಿಸಿ. 45 ದಾಟಿದರೆ ನ್ಯೂಟ್ರಲ್ ಕರೆಂಟೇ ಸೈಜನ್ನು ತೀರ್ಮಾನಿಸುತ್ತದೆ. ನಮ್ಮದು 9/16.6, ಅಂದರೆ ಶೇ 54. ಹಾಗಾಗಿ 27 ಆಂಪಿಯರಿಗೆ 4 ಸ್ಕ್ವೇರ್ ಎಂಎಂ (32 ಆಂಪಿಯರ್) ಸಾಲುತ್ತದೆ. ಆದರೆ ನಾಳೆ ಇನ್ನಷ್ಟು ಕಂಪ್ಯೂಟರ್ ಸೇರಿ ಫೇಸ್ 20 ಮುಟ್ಟಿದರೆ ನ್ಯೂಟ್ರಲ್ 32 ದಾಟುತ್ತದೆ, ಎಂಸಿಬಿ ಆಗಲೂ ಬೀಳುವುದಿಲ್ಲ. ಇವತ್ತಿನ ಲೋಡ್‌ಗಲ್ಲ, ಎಂಸಿಬಿಯ ರೇಟಿಂಗಿಗೆ ಲೆಕ್ಕ ಹಾಕಬೇಕು. ಇಲ್ಲಿ 6 ಸ್ಕ್ವೇರ್ ಎಂಎಂ (41 ಆಂಪಿಯರ್) ಹಾಕುವುದೇ ಸರಿ. ಈ ಅಂಕಿಗಳು 30 ಡಿಗ್ರಿ ಹವೆಗೆ. ಮಡಿಕೇರಿಯ ಚಳಿಯನ್ನು ನೆಚ್ಚಿ ಸೈಜ್ ಇಳಿಸಬೇಡಿ, ದೀಪ ಉರಿಯುವ ಫಾಲ್ಸ್ ಸೀಲಿಂಗಿನೊಳಗೆ ಆ ಚಳಿ ಇರುವುದಿಲ್ಲ.

ದೊಡ್ಡ ಕಟ್ಟಡಗಳಲ್ಲಿ ಇನ್ನೊಂದು ಗಂಡಾಂತರ ಮೂರೂವರೆ ಕೋರಿನ ಕೇಬಲ್. 35 ಸ್ಕ್ವೇರ್ ಎಂಎಂ ಕೇಬಲ್‌ನಲ್ಲಿ ನ್ಯೂಟ್ರಲ್ ಬರೀ 16. ಮೋಟಾರ್ ಲೋಡಿಗೆ ಅದು ಒಪ್ಪುತ್ತದೆ. ಕಂಪ್ಯೂಟರ್ ತುಂಬಿದ ಮಹಡಿಗೆ ಎಳೆಯಲೇಬಾರದು.

ಡಿಬಿಯಿಂದ ಮುಂದಕ್ಕೆ ಒಂದು ಫೇಸಿಗೆ ಒಂದು ನ್ಯೂಟ್ರಲ್ ಇದ್ದರೆ ಅಲ್ಲಿ ಎಷ್ಟು ಹೋಗುತ್ತದೋ ಅಷ್ಟೇ ಬರುತ್ತದೆ. ಆ ವೈರನ್ನು ದಪ್ಪ ಮಾಡುವುದು ದುಡ್ಡು ದಂಡ. ತೊಂದರೆಯೆಲ್ಲ ಮೂರು ಫೇಸಿನ ಸರ್ಕ್ಯೂಟುಗಳಿಗೆ ವೈರ್ ಉಳಿಸಲು ಒಂದೇ ನ್ಯೂಟ್ರಲ್ ಎಳೆದಿರುವಲ್ಲಿ. ಹಳೆಯ ಕಟ್ಟಡದಲ್ಲಿ ಅಗ್ಗದ ಪರಿಹಾರವೂ ಇದೇ: ಪ್ರತಿ ಸರ್ಕ್ಯೂಟಿಗೂ ಅದರದೇ ನ್ಯೂಟ್ರಲ್ ಎಳೆದು ಲಿಂಕಿಗೆ ಸೇರಿಸಿ. ನ್ಯೂಟ್ರಲ್‌ನಲ್ಲಿ ಫ್ಯೂಸ್ ಅಥವಾ ಒಂಟಿ ಎಂಸಿಬಿ ಹಾಕುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಅದು ಒಂದೇ ಬಿಟ್ಟುಕೊಂಡರೆ ಕಡಿಮೆ ಲೋಡಿನ ಫೇಸಿನಲ್ಲಿ ವೋಲ್ಟೇಜ್ 300 ದಾಟಿ ಆ ಕಡೆಯ ಅಡಾಪ್ಟರುಗಳು ಒಟ್ಟಿಗೆ ಹೋಗುತ್ತವೆ. ಜನರೇಟರಿನ ನಾಲ್ಕು ಪೋಲಿನ ಚೇಂಜ್‌ಓವರ್‌ನಲ್ಲಿ ನ್ಯೂಟ್ರಲ್ ಕಾಂಟ್ಯಾಕ್ಟ್ ಕೆಟ್ಟರೂ ಆಗುವುದು ಇದೇ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಆ ಕಾಂಟ್ಯಾಕ್ಟ್ ಸವೆಯುತ್ತಿರುತ್ತದೆ. ನ್ಯೂಟ್ರಲ್ಲನ್ನೂ ಕಾಯಬೇಕಿದ್ದರೆ, ಅದರ ಓವರ್‌ಲೋಡನ್ನು ಗುರುತಿಸಿ ಎಲ್ಲ ಪೋಲುಗಳನ್ನೂ ಒಟ್ಟಿಗೆ ಬಿಡಿಸುವ ನಾಲ್ಕು ಪೋಲಿನ ಬ್ರೇಕರ್ ಹಾಕಿ.

ತಪಾಸಣೆಗೆ ಟ್ರೂ ಆರ್‌ಎಂಎಸ್ ಎಂದು ಬರೆದಿರುವ ಕ್ಲಾಂಪ್ ಮೀಟರೇ ಬೇಕು. ಸಾಮಾನ್ಯ ಮೀಟರ್ ಇಂಥ ಹೊಡೆತದ ಕರೆಂಟನ್ನು ಮೂರನೇ ಒಂದರಷ್ಟು ಕಡಿಮೆ ತೋರಿಸಬಹುದು. ಬೆಳಿಗ್ಗೆ 11ರ ಸುಮಾರಿಗೆ, ಎಲ್ಲ ಕಂಪ್ಯೂಟರ್ ಚಾಲೂ ಇರುವಾಗ, ಮೂರು ಫೇಸ್ ಮತ್ತು ನ್ಯೂಟ್ರಲ್ ಅಳೆದು ಬರೆದಿಡಿ. ಆಮೇಲೆ ನ್ಯೂಟ್ರಲ್ ಮೇಲೆಯೇ ಕ್ಲಾಂಪ್ ಇಟ್ಟು ಹರ್ಟ್ಸ್ ಬಟನ್ ಒತ್ತಿ. 50 ಬಂದರೆ ಲೋಡ್ ಹಂಚಿಕೆ ಸರಿಯಿಲ್ಲ, ಫೇಸ್ ಬದಲಿಸಿ ಸರಿಮಾಡಬಹುದು. 150 ಬಂದರೆ ಅದು ಹಾರ್ಮೋನಿಕ್. ಎಷ್ಟು ಹಂಚಿದರೂ ಇಳಿಯುವುದಿಲ್ಲ. ಕೊನೆಗೆ ದೂರದ ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ನೋಡಿ. ಮೇಲಿನ ಕಚೇರಿಯಲ್ಲಿ ಆ ಕೇಬಲ್ 40 ಮೀಟರ್ ಉದ್ದವಿದ್ದರೆ 2.5 ಸ್ಕ್ವೇರ್ ಎಂಎಂ ನ್ಯೂಟ್ರಲ್‌ನಲ್ಲೇ 8 ವೋಲ್ಟ್ ಬೀಳುತ್ತದೆ. 6ಕ್ಕೆ ಬದಲಿಸಿದ ಮೇಲೆ ಅದು ಮೂರು ಚಿಲ್ಲರೆಗೆ ಇಳಿದಿರಬೇಕು. ಇಳಿಯದಿದ್ದರೆ ದಾರಿಯಲ್ಲೆಲ್ಲೋ ಕಿಲುಬು ಹಿಡಿದ ಜೋಡಣೆ ಉಳಿದಿದೆ, ಲಗ್ ಬಿಚ್ಚಿ ಉಜ್ಜಿ ಹೊಸದಾಗಿ ಕ್ರಿಂಪ್ ಮಾಡಿ ಮತ್ತೆ ಅಳೆಯಿರಿ.