ಒಂದು ‘ಧನ್ಯವಾದ’ಕ್ಕೆ ಒಂದು ಕ್ರೆಡಿಟ್

ಬಟ್ಟೆ ಹೊಲಿದುಕೊಡುವ ಒಂದು ಸಣ್ಣ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 400 ಮಂದಿಗೆ ಬಟ್ಟೆ ಸಿದ್ಧವಾದ ಸುದ್ದಿ ಮುಟ್ಟಿಸಬೇಕು. ಅದಕ್ಕಾಗಿ 1,000 ಕ್ರೆಡಿಟ್‌ಗಳ ಬಲ್ಕ್ ಎಸ್ಎಮ್ಎಸ್ ಪ್ಯಾಕ್ ಕೊಂಡಿದ್ದಾರೆ. ಒಂದು ಸಂದೇಶಕ್ಕೆ ಒಂದು ಕ್ರೆಡಿಟ್, ಹಾಗಾಗಿ ಎರಡೂವರೆ ತಿಂಗಳಿಗೆ ಸಾಕು ಎಂಬುದು ಅವರ ಲೆಕ್ಕ. ಆದರೆ ಒಂದೂಕಾಲು ತಿಂಗಳಿಗೇ ಪ್ಯಾಕ್ ಖಾಲಿ! ಮಾರಿದವರು ಮೋಸ ಮಾಡಿದರು ಎಂಬ ಅನುಮಾನ ಬರುವುದು ಸಹಜ. ಆದರೆ ಇಲ್ಲಿ ಯಾರೂ ಮೋಸ ಮಾಡಿಲ್ಲ. ಕ್ರೆಡಿಟ್‌ಗಳು ಹೋದದ್ದೆಲ್ಲಿಗೆ ಎಂಬುದು ಅವರು ಕಳಿಸಿದ ಸಂದೇಶದಲ್ಲೇ ಇದೆ:

ನಮಸ್ಕಾರ. ನಿಮ್ಮ ಬಟ್ಟೆ ಸಿದ್ಧವಾಗಿದೆ. ನಾಳೆ ಸಂಜೆ ಬಂದು ತೆಗೆದುಕೊಂಡು ಹೋಗಿ. ಧನ್ಯವಾದ.

ಕಣ್ಣಿಗೆ ಕಾಣುವಂತೆ ಎಣಿಸಿದರೆ ಇದರಲ್ಲಿ 30 ಅಕ್ಷರಗಳಿವೆ. ಮೊಬೈಲ್ ಜಾಲದ ಎಣಿಕೆಯಲ್ಲಿ ಮಾತ್ರ ಇದು 75.

ಈ ವ್ಯತ್ಯಾಸ ಎಲ್ಲಿಂದ ಬಂತು? ಒಂದು ಎಸ್ಎಮ್ಎಸ್‌ನಲ್ಲಿ ಬರಹಕ್ಕೆ ಸಿಗುವ ಜಾಗ 140 ಬೈಟ್, ಅಂದರೆ 1,120 ಬಿಟ್. ಜಿಎಸ್ಎಮ್ ಎಂಬ ಮೊಬೈಲ್ ವ್ಯವಸ್ಥೆಯನ್ನು ರೂಪಿಸುತ್ತಿದ್ದ 1980ರ ದಶಕದಲ್ಲೇ ನಿಗದಿಯಾದ ಅಳತೆ ಇದು, ಇಂದಿಗೂ ಹಾಗೇ ಇದೆ. ಇಂಗ್ಲಿಷಿನ ಮಾಮೂಲಿ ಅಕ್ಷರಗಳು, ಅಂಕಿಗಳು ಜಿಎಸ್ಎಮ್ಮಿನ ಮೂಲ ಪಟ್ಟಿಯಲ್ಲಿವೆ. ಅವುಗಳಿಗೆ ತಲಾ 7 ಬಿಟ್ ಸಾಕು. 1,120ನ್ನು 7ರಿಂದ ಭಾಗಿಸಿ, ಎಲ್ಲರಿಗೂ ಗೊತ್ತಿರುವ 160 ಬರುತ್ತದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕನ್ನಡದ ಸಂದೇಶ ಯೂನಿಕೋಡ್ ರೂಪದಲ್ಲಿ ಹೋಗುತ್ತದೆ, ಅಲ್ಲಿ ಪ್ರತಿ ಚಿಹ್ನೆಗೂ 16 ಬಿಟ್ ಬೇಕು. 1,120ನ್ನು 16ರಿಂದ ಭಾಗಿಸಿದರೆ ಉಳಿಯುವುದು 70.

ನಾನು ಚಿಹ್ನೆ ಎಂದೆ, ಅಕ್ಷರ ಎನ್ನಲಿಲ್ಲ. ಲೆಕ್ಕ ತಪ್ಪುವುದೇ ಇಲ್ಲಿ. ‘ಸ್ಕಾ’ ನಮಗೆ ಒಂದೇ ಅಕ್ಷರ. ಯೂನಿಕೋಡಿಗೆ ಅದು ಸ, ಅದನ್ನು ಅರ್ಧಾಕ್ಷರವಾಗಿಸುವ ವಿರಾಮ ಚಿಹ್ನೆ, ಕ ಮತ್ತು ದೀರ್ಘ ಎಂದು ನಾಲ್ಕು. ಗುಣಿತದ ಪ್ರತಿ ಗುರುತೂ ಒಂದು, ಅನುಸ್ವಾರವೂ ಒಂದು, ಪದಗಳ ನಡುವಿನ ಖಾಲಿ ಜಾಗವೂ ಒಂದು. ‘ನಮಸ್ಕಾರ’ಕ್ಕೆ 7, ‘ತೆಗೆದುಕೊಂಡು’ ಎಂಬುದಕ್ಕೆ 11. ಒತ್ತಕ್ಷರ ಹೆಚ್ಚಿದ್ದಷ್ಟೂ ಜಾಗ ಹೆಚ್ಚು ಹೋಗುತ್ತದೆ.

75 ಚಿಹ್ನೆಗಳು 70ರ ಮಿತಿ ದಾಟುವುದರಿಂದ ಸಂದೇಶವನ್ನು ಒಡೆಯಲೇಬೇಕು. ಒಡೆದ ಪ್ರತಿ ತುಂಡಿಗೂ ಸೆಗ್ಮೆಂಟ್ ಎಂದು ಹೆಸರು. ಒಡೆದದ್ದನ್ನು ಫೋನ್ ಮತ್ತೆ ಜೋಡಿಸಬೇಕಲ್ಲ? ಅದಕ್ಕಾಗಿ ಪ್ರತಿ ತುಂಡಿನ ತಲೆಯಲ್ಲಿ 6 ಬೈಟ್‌ಗಳ ಒಂದು ಚೀಟಿ ಇರುತ್ತದೆ. ಇದು ಯಾವ ಸಂದೇಶದ ತುಂಡು, ಒಟ್ಟು ಎಷ್ಟು ತುಂಡುಗಳು, ಇದು ಎಷ್ಟನೆಯದು ಎಂಬುದು ಅದರಲ್ಲಿರುತ್ತದೆ. ಆ ಚೀಟಿಗೆ ಬೇರೆ ಜಾಗವಿಲ್ಲ, 140ರಲ್ಲೇ ಕೂರಬೇಕು. ಬರಹಕ್ಕೆ 134 ಬೈಟ್ ಉಳಿಯುತ್ತದೆ, ಅಂದರೆ ಕನ್ನಡದಲ್ಲಿ ತುಂಡಿಗೆ 67 ಚಿಹ್ನೆ, ಮೂಲ ಪಟ್ಟಿಯ ಇಂಗ್ಲಿಷಿನಲ್ಲಿ 153.

ಈಗ ನಮ್ಮ ಸಂದೇಶವನ್ನು 67ಕ್ಕೆ ಕತ್ತರಿಸಿ ನೋಡಿ. ‘ಹೋಗಿ’ ಆದ ಮೇಲಿನ ಪೂರ್ಣವಿರಾಮಕ್ಕೆ 66 ಮುಗಿಯುತ್ತದೆ, ಆಮೇಲಿನ ಖಾಲಿ ಜಾಗ 67ನೆಯದು. ಎರಡನೆಯ ತುಂಡಿಗೆ ಉಳಿಯುವುದು ‘ಧನ್ಯವಾದ’ ಮತ್ತು ಒಂದು ಚುಕ್ಕೆ ಮಾತ್ರ. ಪ್ರತಿ ತುಂಡಿಗೂ, ಪ್ರತಿ ಗ್ರಾಹಕರಿಗೂ ಒಂದೊಂದು ಕ್ರೆಡಿಟ್ ಎಂಬುದು ಬಲ್ಕ್ ಸೇವೆಗಳ ಸಾಮಾನ್ಯ ಪದ್ಧತಿ. 400 ಮಂದಿಗೆ 800 ಕ್ರೆಡಿಟ್ ಖರ್ಚಾಗುವುದು ಹೀಗೆ. ಅದರಲ್ಲಿ ಅರ್ಧ ಆ ಕೊನೆಯ ಒಂದು ಪದಕ್ಕೆ. ‘ನಮಸ್ಕಾರ’ ಆಗಲೇ ಮರ್ಯಾದೆಯ ಕೆಲಸ ಮಾಡಿದೆ, ಆದ್ದರಿಂದ ‘ಧನ್ಯವಾದ’ವನ್ನು ಬಿಡಬಹುದು ಎಂದೇ ನನ್ನ ಅಭಿಪ್ರಾಯ. ಬಿಟ್ಟರೆ 66 ಚಿಹ್ನೆ, ಒಂದೇ ಕ್ರೆಡಿಟ್.

ಆದರೆ ಹೆಸರು ಸೇರಿಸುವ ಆಸೆ ಬರುತ್ತದೆ. ‘ನಮಸ್ಕಾರ ರಮಾ’ ಎಂದರೆ ಖಾಲಿ ಜಾಗವೂ ಸೇರಿ ನಾಲ್ಕು ಹೆಚ್ಚು, ಸರಿಯಾಗಿ 70. ಒಂದೇ ತುಂಡು. ಅದೇ ಸಂದೇಶ ಸರಸ್ವತಿಯವರಿಗೆ ಹೋದರೆ ಎಂಟು ಹೆಚ್ಚಿ 74 ಆಗುತ್ತದೆ, ಎರಡು ತುಂಡು. ಒಂದೇ ಪಟ್ಟಿಯಲ್ಲಿ ಕೆಲವರಿಗೆ ಒಂದು, ಕೆಲವರಿಗೆ ಎರಡು ಕ್ರೆಡಿಟ್ ಕಡಿತವಾಗುವುದಕ್ಕೆ ಕಾರಣ ಇದೇ. ಹೆಸರಿನ ಜಾಗ ಬಿಟ್ಟು ಸಂದೇಶ ಬರೆಯುವವರು ಪಟ್ಟಿಯ ಅತಿ ಉದ್ದದ ಹೆಸರನ್ನು ಹಾಕಿಯೇ ಎಣಿಸಬೇಕು.

ಎಣಿಸಲು ಪೈಥಾನಿನ ಒಂದು ಸಾಲು ಸಾಕು:

```
print(len("ನಮಸ್ಕಾರ".encode("utf-16-be")) // 2)
```

ಇದು 7 ಎಂದು ತೋರಿಸುತ್ತದೆ. ಪದದ ಜಾಗದಲ್ಲಿ ಇಡೀ ಸಂದೇಶವನ್ನು ಹಾಕಿ ನೋಡಬಹುದು. ಕೆಲವು ಕೀಬೋರ್ಡ್‌ಗಳು ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ಸೇರಿಸುತ್ತವೆ. ಅವೂ ಎಣಿಕೆಗೆ ಬರುತ್ತವೆ, ಈ ಸಾಲು ಅವನ್ನೂ ಹಿಡಿಯುತ್ತದೆ. ಬಹುತೇಕ ಎಮೋಜಿಗಳು ಎರಡು ಅಥವಾ ಹೆಚ್ಚು ಜಾಗ ತಿನ್ನುವುದೂ ಇದರಲ್ಲಿ ಕಾಣುತ್ತದೆ.

ಇಂಗ್ಲಿಷಿನಲ್ಲಿ ಬರೆದರೆ ಈ ತೊಂದರೆಯಿಲ್ಲ ಎಂದೂ ನಿಶ್ಚಿಂತರಾಗುವಂತಿಲ್ಲ. 150 ಅಕ್ಷರಗಳ ಸಂದೇಶವನ್ನು ವರ್ಡ್ ಫೈಲಿನಿಂದ ತಂದು ಅಂಟಿಸಿದಾಗ ಅದರ ಜೊತೆ ಬಾಗಿದ ಉದ್ಧರಣ ಚಿಹ್ನೆಯೋ ಉದ್ದನೆಯ ಗೆರೆಯೋ ಬಂದಿರಬಹುದು. ಅವು ಮೂಲ ಪಟ್ಟಿಯಲ್ಲಿಲ್ಲ. ಪಟ್ಟಿಯ ಹೊರಗಿನದು ಒಂದೇ ಒಂದು ಇದ್ದರೂ ಇಡೀ ಸಂದೇಶ 16 ಬಿಟ್‌ಗೆ ಬದಲಾಗುತ್ತದೆ. ಆಗ ಆ 150 ಅಕ್ಷರಗಳು 67, 67, 16 ಎಂದು ಮೂರು ತುಂಡಾಗುತ್ತವೆ. ಸಂದೇಶಗಳನ್ನು ಮೊಬೈಲ್ ಜಾಲಕ್ಕೆ ದಾಟಿಸುವ ಕೆಲವು ಗೇಟ್‌ವೇಗಳು ಇಂಥ ಚಿಹ್ನೆಗಳನ್ನು ತಾವೇ ನೇರ ಚಿಹ್ನೆಗಳಾಗಿ ಬದಲಿಸುತ್ತವೆ, ಆದರೆ ಅದನ್ನು ನಂಬಿ ಕೂರುವುದಕ್ಕಿಂತ ನಾವೇ ತಿದ್ದುವುದು ಒಳ್ಳೆಯದು.

ಕನ್ನಡಕ್ಕೂ 7 ಬಿಟ್ ಪಟ್ಟಿ ಇಲ್ಲವೇ ಎಂದು ಕೇಳಬಹುದು. ಇದೆ! ಮೊಬೈಲ್ ಮಾನದಂಡದಲ್ಲಿ ಕನ್ನಡಕ್ಕೆ ಪ್ರತ್ಯೇಕ ಪಟ್ಟಿ ಸೇರಿದೆ. ಅದನ್ನು ಬಳಸಿದರೆ ಒಂದೇ ತುಂಡಿನಲ್ಲಿ 155 ಚಿಹ್ನೆಗಳವರೆಗೆ ಹಿಡಿಸಬಹುದು, ನಮ್ಮ ಅಂಗಡಿಯ ಸಂದೇಶ ‘ಧನ್ಯವಾದ’ದ ಸಮೇತ ಆರಾಮಾಗಿ ಕೂರುತ್ತಿತ್ತು. ಆದರೆ ಕಳಿಸುವ ಗೇಟ್‌ವೇ, ಪಡೆಯುವ ಫೋನ್ ಎರಡಕ್ಕೂ ಆ ಪಟ್ಟಿ ಗೊತ್ತಿರಬೇಕು. ಅದು ಖಚಿತವಿಲ್ಲದಿದ್ದರೆ 70ರ ಲೆಕ್ಕವನ್ನೇ ಹಿಡಿಯಬೇಕು. ಕನ್ನಡದಲ್ಲಿ ಬರೆಯುವವರೇ ಹೆಚ್ಚು ತೆರಬೇಕಾಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇನ್ನು ವ್ಯಾಲಿಡಿಟಿ. ಈ ಪದಕ್ಕೆ ಇಲ್ಲಿ ಎರಡು ಅರ್ಥಗಳಿವೆ, ಎರಡನ್ನೂ ಬೆರೆಸಿಕೊಳ್ಳುವವರಿದ್ದಾರೆ. ಒಂದು, ಸಂದೇಶದ ಅವಧಿ. ಗ್ರಾಹಕರ ಫೋನ್ ಆಫ್ ಆಗಿದ್ದರೆ ಸಂದೇಶ ಕೇಂದ್ರ ಎಷ್ಟು ಹೊತ್ತು ಅದನ್ನು ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸಬೇಕು ಎಂಬುದು. ಅವಧಿ ಮುಗಿದರೆ ಸಂದೇಶ ತಲುಪುವುದಿಲ್ಲ. ಕಳಿಸಿದ ಕೂಡಲೇ ಕಡಿತ ಮಾಡುವ ಸೇವೆಯಲ್ಲಿ ಕ್ರೆಡಿಟ್ ಕೂಡ ಹೋಗಿರುತ್ತದೆ. ಇನ್ನೊಂದು, ಕ್ರೆಡಿಟ್‌ನದೇ ಅವಧಿ. ಆ ದಿನಾಂಕದ ಮೇಲೆ ಉಳಿದ ಕ್ರೆಡಿಟ್‌ಗಳು ಬಳಕೆಗೆ ಬರುವುದಿಲ್ಲ.

ದೊಡ್ಡ ಪ್ಯಾಕ್ ಅಗ್ಗ ಎಂಬ ಮಾತನ್ನು ಈ ಎರಡನೆಯ ಅವಧಿಯ ಜೊತೆಗಿಟ್ಟೇ ತೂಗಬೇಕು. ಸಂದೇಶವನ್ನು ಚಿಕ್ಕದಾಗಿಸಿದ ಮೇಲೆ, ಉದ್ದದ ಹೆಸರುಗಳನ್ನೂ ಸೇರಿಸಿ, ಅಂಗಡಿಯ ಬಳಕೆ ತಿಂಗಳಿಗೆ 450 ಕ್ರೆಡಿಟ್ ಆಯಿತೆನ್ನಿ. ಆರು ತಿಂಗಳ ಅವಧಿಯ 5,000ದ ಪ್ಯಾಕ್ ಕೊಂಡರೆ ಖರ್ಚಾಗುವುದು 2,700 ಮಾತ್ರ, 2,300 ವ್ಯರ್ಥ. ದುಡ್ಡು ಕೊಟ್ಟದ್ದು 5,000ಕ್ಕೆ, ಹಾಗಾಗಿ ಬಳಸಿದ ಒಂದೊಂದು ಕ್ರೆಡಿಟ್ ಹೇಳಿದ ದರದ ಸುಮಾರು 1.85 ಪಟ್ಟು ಬೀಳುತ್ತದೆ. ಚಿಕ್ಕ ಪ್ಯಾಕಿನ ದರ ಒಂದೂವರೆಪಟ್ಟು ಇದ್ದರೂ, ಅದು ಪೂರ್ತಿ ಖರ್ಚಾಗುವುದಾದರೆ, ಅದೇ ಅಗ್ಗ.

ಕೊಳ್ಳುವ ಮುನ್ನ ಕೇಳಿ ಬರಹದಲ್ಲಿ ಪಡೆಯಬೇಕಾದದ್ದು ಒಂದಿದೆ: ಅವಧಿ ಮುಗಿಯುವ ಮುನ್ನ ಹೊಸ ಪ್ಯಾಕ್ ಸೇರಿಸಿದರೆ ಹಳೆಯ ಕ್ರೆಡಿಟ್‌ಗಳ ದಿನಾಂಕವೂ ಮುಂದಕ್ಕೆ ಹೋಗುತ್ತದೆಯೇ? ಕೆಲವು ಸೇವೆಗಳಲ್ಲಿ ಹೋಗುತ್ತದೆ. ಬೇರೆ ಕೆಲವುಗಳಲ್ಲಿ ಪ್ರತಿ ಪ್ಯಾಕಿಗೂ ಅದರದೇ ದಿನಾಂಕ. ಅಂಥಲ್ಲಿ ಹಳೆಯ ಪ್ಯಾಕ್ ಮೊದಲು ಖರ್ಚಾಗುತ್ತದೆಯೋ ಹೊಸದೋ ಎಂಬುದೂ ಮುಖ್ಯ. ಹೊಸದು ಮೊದಲು ಹೋಗುವ ಏರ್ಪಾಡಿನಲ್ಲಿ, ಡ್ಯಾಶ್‌ಬೋರ್ಡ್ ತೋರಿಸುವ ಒಟ್ಟು ಮೊತ್ತ ತುಂಬಿದಂತೆ ಕಾಣುತ್ತಿರುವಾಗಲೇ ಹಳೆಯ ಕ್ರೆಡಿಟ್‌ಗಳು ಸದ್ದಿಲ್ಲದೆ ಅವಧಿ ಮುಗಿಸುತ್ತವೆ.