ಏಣಿಯ ತುದಿಯಲ್ಲಿ 16 ಪಿಕ್ಸೆಲ್

ಅಟ್ಟಕ್ಕೆ ಏಣಿ ಇಟ್ಟು ಹತ್ತಿದವರಿಗೆ ಗೊತ್ತು, ಕಷ್ಟ ಇರುವುದು ನಡುವಿನ ಮೆಟ್ಟಿಲುಗಳಲ್ಲಿ ಅಲ್ಲ, ತುದಿಯಲ್ಲಿ. ಕೈ ಏಣಿಯನ್ನು ಬಿಟ್ಟು ಅಟ್ಟದ ಹಲಗೆಯನ್ನು ಹಿಡಿಯಬೇಕು. ಕಾಲು ಮಾತ್ರ ಇನ್ನೂ ಏಣಿಯ ಮೇಲೇ ಇರುತ್ತದೆ. ಅದಕ್ಕೇ ಅನುಭವ ಇರುವವರು ಏಣಿಯನ್ನು ಅಟ್ಟದ ಅಂಚಿಗೆ ಸಮವಾಗಿ ಇಡುವುದಿಲ್ಲ, ಅಂಚು ದಾಟಿ ಒಂದಿಷ್ಟು ಮೇಲೆ ಚಾಚಿರುವ ಹಾಗೆ ಇಡುತ್ತಾರೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಈ ಚಾಚು ಕನಿಷ್ಠ 3 ಅಡಿ ಇರಬೇಕು ಎಂದೇ ಬರೆದಿದೆ.

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಅಟ್ಟ ಹತ್ತಿ ಅಲ್ಲ, ಸಂಜೆ ಹೊತ್ತು ಸುಮ್ನೆ ಒಂದು ಪುಟ್ಟ ವಿಡಿಯೊ ಗೇಮ್ ಮಾಡಲು ಕೂತಾಗ. ಅಕ್ಕನ ಮಗ ಅದನ್ನು ಆಡಿ ನೋಡಿದ. ಐದು ನಿಮಿಷ ಆಗಿರಲಿಲ್ಲ, ಕೇಳಿದ: "ಮಾಮ, ಇವನು ಮೇಲೆ ಹೋಗಿ ಯಾಕೆ ನಡುಗ್ತಾನೆ?" ನೋಡಿದರೆ ಹೌದು. ಆಟದ ಹುಡುಗ ಏಣಿಯ ತುದಿಯವರೆಗೆ ಹೋಗುತ್ತಾನೆ, ಚೂರು ಮೇಲಕ್ಕೆ ಚಿಮ್ಮುತ್ತಾನೆ, ಕೆಳಗೆ ಬೀಳುತ್ತಾನೆ, ಮತ್ತೆ ಚಿಮ್ಮುತ್ತಾನೆ. ಮೇಲಿನ ಮಾಳಿಗೆಗೆ ಮಾತ್ರ ಕಾಲಿಡುವುದಿಲ್ಲ.

ಇದು ಯಾಕೆ ಆಗುತ್ತದೆ ಎಂದು ತಿಳಿಯಲು, ಗೇಮಿನೊಳಗೆ ಏಣಿ ಅಂದರೆ ಏನು ಎಂದು ಮೊದಲು ನೋಡಬೇಕು. ನಿಜವಾದ ಏಣಿಯ ಮೇಲೆ ನಿಂತಾಗ ಗುರುತ್ವ ಎಲ್ಲಿಗೂ ಹೋಗಿರುವುದಿಲ್ಲ. ಅದು ಎಳೆಯುತ್ತಲೇ ಇರುತ್ತದೆ, ಮೆಟ್ಟಿಲು ಅಷ್ಟೇ ಬಲದಿಂದ ನಮ್ಮ ಪಾದವನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ಗೇಮಿನ ಏಣಿಗೆ ಮೆಟ್ಟಿಲೇ ಇಲ್ಲ, ಇರುವುದು ಮೆಟ್ಟಿಲಿನ ಚಿತ್ರ. ಅದರ ಹಿಂದೆ ಕಣ್ಣಿಗೆ ಕಾಣದ ಒಂದು ಚೌಕಟ್ಟು ಇರುತ್ತದೆ. ಆಟಗಾರ ಆ ಚೌಕಟ್ಟಿನೊಳಗೆ ಬಂದರೆ ಒಂದು ನಿಯಮ, ಹೊರಗೆ ಹೋದರೆ ಇನ್ನೊಂದು ನಿಯಮ. ಒಳಗೆ ಗುರುತ್ವ ಇಲ್ಲ, ಹೊರಗೆ ಇದೆ. ಏಣಿಯ ಮೇಲೆ ಆಗುವ ಎಡವಟ್ಟುಗಳೆಲ್ಲ ಹೆಚ್ಚುಕಡಿಮೆ ಈ ಎರಡು ನಿಯಮಗಳ ಗಡಿಯಲ್ಲೇ ಹುಟ್ಟುತ್ತವೆ.

ನಾನು ಬಳಸಿದ್ದು ಗೊಡೊ ಎಂಬ ಉಚಿತ ಗೇಮ್ ಎಂಜಿನ್. ಅದರ 2ಡಿ ಲೋಕದಲ್ಲಿ ಗುರುತ್ವ ಮೊದಲೇ 980 ಎಂದು ಇಟ್ಟಿರುತ್ತದೆ. ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ 980 ಪಿಕ್ಸೆಲ್‌ನಷ್ಟು ಏರುತ್ತದೆ. ಲೆಕ್ಕ ಸೆಕೆಂಡಿಗೆ 60 ಸಲ ನಡೆಯುತ್ತದೆ, ಹಾಗಾಗಿ ಒಂದೊಂದು ಫ್ರೇಮಿಗೆ ವೇಗ ಸುಮಾರು 16.3 ಜಾಸ್ತಿ ಆಗುತ್ತದೆ. ನನ್ನ ಹುಡುಗ 32 ಪಿಕ್ಸೆಲ್ ಎತ್ತರ. ಏಣಿ ಹತ್ತುವ ವೇಗ ಸೆಕೆಂಡಿಗೆ 120 ಪಿಕ್ಸೆಲ್. ಉಳಿದ ಕಥೆಗೆ ಈ ನಾಲ್ಕು ಸಂಖ್ಯೆ ಸಾಕು.

ಮೊದಲು ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದೇ. ಮೇಲ್ಬಾಣ ಒತ್ತಿದರೆ ವೇಗ 120 ಎಂದು ಬರೆದೆ, ಆದರೆ ಗುರುತ್ವ ಸೇರಿಸುವ ಸಾಲನ್ನು ಹಾಗೇ ಬಿಟ್ಟೆ. ಕೀ ಬಿಟ್ಟ ಕೂಡಲೇ ಹುಡುಗ ಜಾರಿದ. ನಿಂತಲ್ಲಿಂದ ಒಂದು ಸೆಕೆಂಡ್ ಬಿದ್ದರೆ ಸುಮಾರು 490 ಪಿಕ್ಸೆಲ್ ಕೆಳಗೆ. ಇದು ಎದ್ದು ಕಾಣುತ್ತದೆ, ಹಾಗಾಗಿ ಬೇಗ ಸಿಕ್ಕಿಬೀಳುತ್ತದೆ. ಮೋಸ ಮಾಡುವುದು ಅದರ ತಮ್ಮ. ಕೀ ಬಿಟ್ಟಾಗ ವೇಗ ಸೊನ್ನೆ ಮಾಡಿ ಜಾರುವುದನ್ನು ನಿಲ್ಲಿಸಿದ್ದೀರಿ, ಆದರೆ ಹತ್ತುವಾಗ ಇಳಿಯುವಾಗ ಗುರುತ್ವದ ಸಾಲು ಇನ್ನೂ ಓಡುತ್ತಿದೆ ಅಂದುಕೊಳ್ಳಿ. ಆಗ ಮೇಲಕ್ಕೆ 120 ಎಂದು ಬರೆದರೂ ನಿಜವಾಗಿ ಸಿಗುವುದು ಸುಮಾರು 104. ಕೆಳಕ್ಕೆ ಸಿಗುವುದು 136. ಕಣ್ಣಿಗೆ ಇದು ತಪ್ಪು ಅಂತಲೇ ಅನಿಸುವುದಿಲ್ಲ, ಇಳಿಯುವುದು ಹತ್ತುವುದಕ್ಕಿಂತ ಸಲೀಸು ಅಲ್ವಾ ಅಂತ ಸುಮ್ಮನಾಗುತ್ತೇವೆ. ಗಡಿಯಾರ ಮಾತ್ರ ಸುಳ್ಳು ಹೇಳುವುದಿಲ್ಲ. 300 ಪಿಕ್ಸೆಲ್ ಏಣಿಯನ್ನು ಹತ್ತಲು 2.9 ಸೆಕೆಂಡ್, ಇಳಿಯಲು 2.2 ಸೆಕೆಂಡ್ ಬಂದರೆ ಗುರುತ್ವ ಒಳಗೆ ನುಸುಳಿದೆ ಎಂದೇ ಲೆಕ್ಕ. ಎರಡೂ 2.5 ಬರಬೇಕು.

ಇನ್ನೊಂದು ಜಾತಿ ಇದೆ, ಅದನ್ನು ನಾನು ಬಡ್ಡಿ ಸಾಲ ಅಂತ ಕರೆಯುತ್ತೇನೆ. ಕೆಲವರು ಏಣಿಯ ಮೇಲೆ ವೇಗದ ಗೊಡವೆಯೇ ಬೇಡ ಎಂದು ಹುಡುಗನ ಜಾಗವನ್ನೇ ಫ್ರೇಮಿಗೆ 2 ಪಿಕ್ಸೆಲ್‌ನಂತೆ ಎತ್ತಿ ಇಡುತ್ತಾರೆ. ನೋಡಲು ಎಲ್ಲ ಚೆನ್ನಾಗಿರುತ್ತದೆ. ಆದರೆ ಬಳಸದ ವೇಗ ಹಿಂದೆ ಬೆಳೆಯುತ್ತಲೇ ಇರುತ್ತದೆ. ಎರಡು ಸೆಕೆಂಡ್ ಹತ್ತುವಷ್ಟರಲ್ಲಿ ಅದು 1960 ಆಗಿರುತ್ತದೆ. ಏಣಿಯಿಂದ ಪಕ್ಕಕ್ಕೆ ಕಾಲಿಟ್ಟ ಕೂಡಲೇ ಸಾಲ ಕೊಟ್ಟವನು ಬಾಗಿಲು ತಟ್ಟುತ್ತಾನೆ. ಹುಡುಗ ಒಂದೇ ಫ್ರೇಮಿನಲ್ಲಿ ತನ್ನ ಎತ್ತರದಷ್ಟು ಕೆಳಗೆ ಹೋಗಿರುತ್ತಾನೆ. ಹತ್ತುವಾಗ ಮೇಲೆ-ಕೆಳಗಿನ ವೇಗ, ಅಂದರೆ `velocity.y`, ಎಷ್ಟಿದೆ ಎಂದು ಪರದೆ ಮೇಲೆ ಬರೆಸಿದರೆ ಇದು ತಕ್ಷಣ ಕಾಣುತ್ತದೆ.

ಈ ಮೂರಕ್ಕೂ ಮದ್ದು ಒಂದೇ. ಎರಡು ನಿಯಮಗಳನ್ನು ಬೆರೆಸಬಾರದು, ಒಂದು ಫ್ರೇಮಿನಲ್ಲಿ ಒಂದೇ ನಿಯಮ ನಡೆಯಬೇಕು.

```gdscript
if climbing:
    velocity.y = Input.get_axis("up", "down") * 120
else:
    velocity.y += 980 * delta
move_and_slide()
```

ಗೊಡೊದ 2ಡಿಯಲ್ಲಿ ಕೆಳಗೆ ಹೋದಷ್ಟೂ y ಹೆಚ್ಚುತ್ತದೆ, ಅದಕ್ಕೇ ಗುರುತ್ವವನ್ನು ಕೂಡಿಸುವುದು. ಕೀ ಒತ್ತದಿದ್ದರೆ ಮೊದಲ ಲೆಕ್ಕ ತಾನಾಗಿಯೇ ಸೊನ್ನೆ ಆಗುತ್ತದೆ, ಹುಡುಗ ಅಲ್ಲೇ ನಿಲ್ಲುತ್ತಾನೆ. 1998ರ ಹಾಫ್-ಲೈಫ್ ಗೇಮಿನಲ್ಲೂ ಏಣಿಯ ಮೇಲೆ ಗುರುತ್ವವನ್ನು ಸೊನ್ನೆ ಮಾಡುವುದೇ ಉಪಾಯ. ಅಲ್ಲಿ ಇನ್ನೊಂದು ತಮಾಷೆ ಇದೆ. ಏಣಿಯ ಕಡೆಗೆ ನಡೆಯುವ ವೇಗವನ್ನು ಅವರು ಮೇಲೇರುವ ವೇಗವಾಗಿ ತಿರುಗಿಸುತ್ತಾರೆ. ನೇರ ನೋಡುತ್ತಾ ಮುಂದೆ ಒತ್ತಿದರೆ ಮೇಲೆ ಹೋಗುತ್ತೀರಿ. ಸರಿಯಾಗಿ 45 ಡಿಗ್ರಿ ಕೆಳಗೆ ನೋಡುತ್ತಾ ಒತ್ತಿದರೆ ಕೆಳಕ್ಕೆ ಎಳೆಯುವ ಪಾಲು, ಮೇಲಕ್ಕೆ ತಿರುಗಿದ ಪಾಲು ಎರಡೂ ಸಮ ಆಗಿ ಇದ್ದಲ್ಲೇ ಇರುತ್ತೀರಿ.

ಏಣಿಯಿಂದ ಪಕ್ಕಕ್ಕೆ ಜಾರುವ ಎಡವಟ್ಟೂ ಒಂದಿದೆ, ಅದಕ್ಕೆ ಗುರುತ್ವ ಕಾರಣ ಅಲ್ಲ, ನಮ್ಮ ಹೆಬ್ಬೆರಳು. ಜಾಯ್‌ಸ್ಟಿಕ್ಕನ್ನು ಯಾರೂ ನೆಟ್ಟಗೆ ಮೇಲಕ್ಕೆ ಒತ್ತುವುದಿಲ್ಲ, ಸ್ವಲ್ಪ ವಾಲಿರುತ್ತದೆ. ಅದು 20 ಡಿಗ್ರಿ ವಾಲಿದ್ದರೂ ಮೂರನೇ ಒಂದು ಪಾಲು ಪಕ್ಕಕ್ಕೆ ಹೋಗುತ್ತದೆ. ನಡೆಯುವ ವೇಗ 200 ಇದ್ದರೆ ಪಕ್ಕಕ್ಕೆ ಸುಮಾರು 68. ಏಣಿಯ ಅಗಲ 16 ಪಿಕ್ಸೆಲ್, ನಡುವಿನಿಂದ ಅಂಚಿಗೆ 8. ಸೆಕೆಂಡಿನ ಎಂಟನೇ ಒಂದು ಭಾಗದೊಳಗೆ ಹುಡುಗ ಚೌಕಟ್ಟಿನ ಹೊರಗೆ! ಏಣಿ ಹಿಡಿದ ಕೂಡಲೇ ಅವನನ್ನು ಏಣಿಯ ನಡುಗೆರೆಗೆ ತಂದು ನಿಲ್ಲಿಸಿ, ಪಕ್ಕದ ಒತ್ತು ಅರ್ಧಕ್ಕಿಂತ ಜಾಸ್ತಿ ಆಗುವವರೆಗೆ ಅದನ್ನು ಕೇಳಿಸಿಕೊಳ್ಳದಿದ್ದರೆ ಮುಗಿಯಿತು.

ಈಗ ಅಕ್ಕನ ಮಗನ ಪ್ರಶ್ನೆಗೆ ಬರೋಣ. ನನ್ನ ಚೌಕಟ್ಟು ಮಾಳಿಗೆಯ ಅಂಚಿಗೆ ಸಮವಾಗಿ ಮುಗಿಯುತ್ತಿತ್ತು, ಚಿತ್ರದ ಏಣಿ ಮುಗಿಯುವುದೂ ಅಲ್ಲೇ. ಹುಡುಗ ಒಳಗಿದ್ದಾನಾ ಹೊರಗಿದ್ದಾನಾ ಎಂದು ನೋಡುತ್ತಿದ್ದುದು ಅವನ ಮೈಯ ನಡುಬಿಂದುವಿನಿಂದ. ನಡುಬಿಂದು ಅಂಚು ದಾಟಿದಾಗ ಪಾದ ಎಲ್ಲಿರುತ್ತದೆ? ಇನ್ನೂ 16 ಪಿಕ್ಸೆಲ್ ಕೆಳಗೆ. ಅಷ್ಟರಲ್ಲಿ ಗೇಮ್ "ಏಣಿ ಮುಗಿಯಿತು" ಎಂದು ತೀರ್ಮಾನಿಸಿ ಗುರುತ್ವವನ್ನು ಹಾಕಿಬಿಡುತ್ತದೆ. ಅಲ್ಲಿಂದ ಮುಂದೆ ಅವನು ಏಣಿ ಹತ್ತುವವನಲ್ಲ, ಮೇಲಕ್ಕೆ ಎಸೆದ ಕಲ್ಲು. ಕಲ್ಲು ಎಷ್ಟು ಎತ್ತರ ಹೋಗುತ್ತದೆ ಎಂದು ಶಾಲೆಯಲ್ಲೇ ಕಲಿತಿದ್ದೇವೆ, ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಬೇಕು. 14,400 ಭಾಗಿಸು 1960, ಅಂದರೆ 7.3 ಪಿಕ್ಸೆಲ್. ಬೇಕಾಗಿದ್ದು 16. ಅರ್ಧ ದಾರಿಯೂ ಹೋಗದೆ ಕೆಳಗೆ ಬೀಳುತ್ತಾನೆ, ಮತ್ತೆ ಚೌಕಟ್ಟಿನೊಳಗೆ ಬರುತ್ತಾನೆ, ಮೇಲ್ಬಾಣ ಒತ್ತಿಯೇ ಇರುವುದರಿಂದ ಮತ್ತೆ ಹತ್ತುತ್ತಾನೆ. ಅದೇ ಆ ನಡುಕ.

ಇಲ್ಲಿ ಒಂದು ಬಲೆ ಇದೆ, ನಾನೇ ಬಿದ್ದೆ. ಹತ್ತುವ ವೇಗವನ್ನು 200ಕ್ಕೆ ಏರಿಸಿದೆ, ಸಮಸ್ಯೆ ಮಾಯ. ಆಗ ಚಿಮ್ಮುವ ಎತ್ತರ 20 ಪಿಕ್ಸೆಲ್, 16ನ್ನು ಆರಾಮಾಗಿ ದಾಟುತ್ತದೆ. ಆದರೆ ಹುಡುಗ ಕೋತಿಯ ಹಾಗೆ ಏರುತ್ತಿದ್ದ, ಅದಕ್ಕೆ 180ಕ್ಕೆ ಇಳಿಸಿದೆ. ಕಾಗದದ ಮೇಲೆ ಬರುವುದು 16.5, ಸಾಕಾಗಬೇಕಿತ್ತು. ಒಂದು ಏಣಿಯಲ್ಲಿ ಸಾಕಾಯಿತು, ಪಕ್ಕದ ಏಣಿಯಲ್ಲಿ ಆಗಲಿಲ್ಲ. ಕಾರಣ ಏನೆಂದರೆ ಗೇಮಿನಲ್ಲಿ ಸಮಯ ನೀರಿನ ಹಾಗೆ ಹರಿಯುವುದಿಲ್ಲ, ತೊಟ್ಟಿಕ್ಕುತ್ತದೆ. ಪ್ರತಿ ಫ್ರೇಮಿನಲ್ಲಿ ಮೊದಲು ಗುರುತ್ವ ವೇಗವನ್ನು ತಗ್ಗಿಸುತ್ತದೆ, ಆಮೇಲೆ ಮೈ ಚಲಿಸುತ್ತದೆ. ಹನ್ನೊಂದು ಫ್ರೇಮುಗಳ ಚಲನೆಯನ್ನು ಒಂದೊಂದಾಗಿ ಕೂಡಿದರೆ ಸಿಗುವುದು 16.5 ಅಲ್ಲ, 15. ಇನ್ನೊಂದು ಕಡೆ, 180ರ ವೇಗದಲ್ಲಿ ಫ್ರೇಮಿಗೆ 3 ಪಿಕ್ಸೆಲ್ ಹೆಜ್ಜೆ. ಅಂಚು ದಾಟುವ ಹೆಜ್ಜೆ ಅಂಚಿನಿಂದ ಕೂದಲೆಳೆಯಷ್ಟು ಮೇಲೆ ನಿಲ್ಲಬಹುದು, 3 ಪಿಕ್ಸೆಲ್ ಮೇಲೂ ನಿಲ್ಲಬಹುದು. ಅದು ಏಣಿ ಎಷ್ಟು ಉದ್ದ, ಎಲ್ಲಿಂದ ಹಿಡಿದಿರಿ ಎನ್ನುವುದರ ಮೇಲೆ ಹೋಗುತ್ತದೆ. ಆ ಕೊಸರು ಸಿಕ್ಕರೆ ದಾಟುತ್ತಾನೆ, ಸಿಗದಿದ್ದರೆ ನಡುಗುತ್ತಾನೆ. "ಕೆಲವೊಮ್ಮೆ ಮಾತ್ರ ಹೀಗಾಗುತ್ತೆ" ಎಂಬ ದೂರಿನ ಹಿಂದೆ ಇಂಥ ಒಂದು ಲೆಕ್ಕ ಇರುವುದೇ ಜಾಸ್ತಿ.

ಹಾಗಾಗಿ ವೇಗವನ್ನು ಮುಟ್ಟಬಾರದು. ಕೇಳುವ ಪ್ರಶ್ನೆಯನ್ನು ಬದಲಿಸಬೇಕು. ಏಣಿ ಮುಗಿಯಿತಾ ಎಂದು ನಡುಬಿಂದುವನ್ನಲ್ಲ, ಪಾದವನ್ನು ಕೇಳಬೇಕು. ಅದಕ್ಕೆ ಅಟ್ಟದ ಏಣಿಯ ಉಪಾಯವೇ ಬೇಕು. ಕಾಣದ ಚೌಕಟ್ಟನ್ನು ಮಾಳಿಗೆಯ ಅಂಚಿನಿಂದ ಅರ್ಧ ಮೈಯಷ್ಟು, ಕನಿಷ್ಠ 16 ಪಿಕ್ಸೆಲ್, ಮೇಲಕ್ಕೆ ಚಾಚಬೇಕು. ಚಿತ್ರ ಹಾಗೇ ಇರಲಿ. ಪಾದ ಅಂಚಿಗೆ ಬಂದ ಕೂಡಲೇ ಅವನನ್ನು ಅಲ್ಲಿ ನಿಲ್ಲಿಸಿ, ವೇಗವನ್ನು ಸೊನ್ನೆ ಮಾಡಿ, ಏಣಿಯನ್ನು ಬಿಡಿಸಬೇಕು:

```gdscript
if climbing and position.y + 16 <= top_y:
    position.y = top_y - 16
    velocity.y = 0
    climbing = false
```

`top_y` ಅಂದರೆ ಮಾಳಿಗೆಯ ಮೇಲ್ಮೈ. ಇಷ್ಟಾದರೂ ಒಂದು ತಂಟೆ ಉಳಿಯುತ್ತದೆ. ಮೇಲ್ಬಾಣವನ್ನು ಇನ್ನೂ ಒತ್ತಿಯೇ ಇದ್ದರೆ ಅವನು ಅಲ್ಲೇ ಮತ್ತೆ ಏಣಿ ಹಿಡಿಯುತ್ತಾನೆ. ಪಾದ ಅಂಚಿಗಿಂತ ಕೆಳಗೆ ಇದ್ದಾಗ ಮಾತ್ರ ಮೇಲ್ಬಾಣ ಏಣಿ ಹಿಡಿಯಬಹುದು ಎಂದು ಕಟ್ಟು ಹಾಕಿದೆ, ನಿಂತಿತು.

ಅಕ್ಕನ ಮಗ ಮತ್ತೆ ಆಡಿದ. ಆಟದ ಹುಡುಗ ಮೇಲೆ ಹತ್ತಿ ಅಲುಗಾಡದೆ ನಿಂತ. ಆಮೇಲೆ ಅಕ್ಕನ ಮಗ ಕೆಳಬಾಣ ಒತ್ತಿದ. ಏನೂ ಆಗಲಿಲ್ಲ. "ಈಗ ಇಳಿಯೋಕೇ ಆಗಲ್ಲ ಮಾಮ" ಅಂದ. ಮಾಳಿಗೆಯ ಆ ತುಂಡನ್ನು ನಾನು ಒಂದು ದಿಕ್ಕಿನ ನೆಲವಾಗಿ ಮಾಡಿದ್ದೆ. ಕೆಳಗಿನಿಂದ ಬಂದರೆ ದಾರಿ ಬಿಡುತ್ತದೆ, ಮೇಲಿನಿಂದ ಬಂದರೆ ತಡೆಯುತ್ತದೆ. ಏಣಿ ಹಿಡಿದವನಿಗೂ ಅದು ಗಟ್ಟಿ ನೆಲವೇ. ಆ ತುಂಡನ್ನು ಪ್ರತ್ಯೇಕವಾಗಿ 3ನೇ ಪದರಕ್ಕೆ ಹಾಕಿ, ಏಣಿ ಹಿಡಿದಿರುವಷ್ಟು ಹೊತ್ತು `set_collision_mask_value(3, false)` ಎಂದು ಅದನ್ನು ಮರೆಸಿದೆ. ಏಣಿ ಬಿಟ್ಟ ಅದೇ ಫ್ರೇಮಿನಲ್ಲಿ ಮತ್ತೆ `true` ಮಾಡಬೇಕು. ಮೊದಲ ಸಲ ಅದನ್ನು ಬರೆಯಲು ಮರೆತಿದ್ದೆ. ಹುಡುಗ ಮಾಳಿಗೆಗೆ ಬಂದು, ಒಂದು ಕ್ಷಣ ಠೀವಿಯಿಂದ ನಿಂತು, ನೆಲದೊಳಗೇ ಇಳಿದು ಹೋದ.